ಹಳದಿ ಚೀಟಿಯ ತೂಕ

ಪ್ಲಾಸ್ಟಿಕ್ ಕವರಿನಿಂದ ಕಾಗದಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು. ಅಂಗಡಿಯ ಬಿಲ್ಲು, ವಾರಂಟಿ ಕಾರ್ಡು, ಬಣ್ಣದ ಒಂದು ಕರಪತ್ರ, ಕೊನೆಗೆ ಕಾರ್ಬನ್ ಹಾಳೆಯಲ್ಲಿ ಮಸುಕಾಗಿ ಮೂಡಿದ ಎರಡು ಹಳದಿ ಚೀಟಿ. ಮೇಜಿನ ಆಚೆ ಕೂತಿದ್ದ ವಕೀಲೆ ಬಿಲ್ಲನ್ನು ಮುಟ್ಟಲಿಲ್ಲ, ವಾರಂಟಿ ಕಾರ್ಡನ್ನೂ ಮುಟ್ಟಲಿಲ್ಲ. ನೇರವಾಗಿ ಹಳದಿ ಚೀಟಿಗಳನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ಭಾನುವಾರ ಮಧ್ಯಾಹ್ನ ಅಲ್ಲಿನ ಸಮುದಾಯ ಭವನದಲ್ಲಿ ಸ್ತ್ರೀಶಕ್ತಿ ಸಂಘಗಳವರು ಗ್ರಾಹಕರ ಹಕ್ಕುಗಳ ಬಗ್ಗೆ ಮಾತುಕತೆ ಇಟ್ಟುಕೊಂಡಿದ್ದರು. ಮಾತನಾಡಲು ಬಂದವರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ವರ್ಷಗಟ್ಟಲೆ ಪ್ರಕರಣ ನಡೆಸಿದವರು. ಭಾಷಣ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಮೂರನೇ ಸಾಲಿನಿಂದ ಒಬ್ಬರು ಎದ್ದು, "ಮೇಡಂ, ಹಕ್ಕು ಆರಿದೆಯೋ ಅರವತ್ತಿದೆಯೋ, ನನ್ನ ಗ್ರೈಂಡರ್ ಕತೆ ಏನು ಹೇಳಿ" ಅಂದರು. ಸಭೆ ನಕ್ಕಿತು. ವಕೀಲೆ ಮಾತ್ರ ನಗದೆ, "ಕಾಗದ ತಂದಿದ್ದೀರಾ ಅಕ್ಕ?" ಎಂದು ಕೇಳಿದರು. ಭಾಷಣ ಅಲ್ಲಿಗೆ ನಿಂತಿತು. ಉಳಿದ ಎರಡು ಗಂಟೆ ಆ ಒಂದು ಗ್ರೈಂಡರಿನ ಸುತ್ತಲೇ ನಡೆಯಿತು.

ಕತೆ ಇಷ್ಟು. ಆಕೆ ಮನೆಯಲ್ಲೇ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಪಾಕೆಟ್ ಮಾಡಿ ಮಾರುವವರು. ಹೋದ ವರ್ಷ ಮಾರ್ಚ್ 18ರಂದು 24,500 ರೂಪಾಯಿ ಕೊಟ್ಟು ಹತ್ತು ಲೀಟರಿನ ಟಿಲ್ಟಿಂಗ್ ಗ್ರೈಂಡರ್ ತಂದರು. ಎರಡೂವರೆ ತಿಂಗಳು ಚೆನ್ನಾಗಿ ನಡೆಯಿತು. ಜೂನ್ 2ರಂದು ರುಬ್ಬುತ್ತಾ ರುಬ್ಬುತ್ತಾ ಮೋಟಾರು ಬಿಸಿಯಾಗಿ ನಿಂತಿತು. ಕಂಪನಿಯ ಹುಡುಗ ಬಂದು ಕೆಪಾಸಿಟರ್ ಬದಲಾಯಿಸಿದ. ಜುಲೈ 27ಕ್ಕೆ ಮತ್ತೆ ಅದೇ ರೋಗ. ಈ ಸಲ ಮೋಟಾರನ್ನೇ ಬಿಚ್ಚಿಕೊಂಡು ಹೋಗಿ ವೈಂಡಿಂಗ್ ಮಾಡಿಸಿ ತಂದರು. ಅಕ್ಟೋಬರ್ 11ರಂದು ಮೂರನೇ ಬಾರಿ ನಿಂತಿತು. ಆಗ ಬಂದವನು ನೋಡಿ, "ಲೋಡ್ ಜಾಸ್ತಿ ಹಾಕ್ತೀರ ಅಮ್ಮ, ಅದಕ್ಕೇ" ಎಂದು ಹೇಳಿ ಹೋದ. ಹದಿನಾಲ್ಕು ದಿನ ಬಿಟ್ಟು ಬಂದು ಏನೋ ಸರಿಮಾಡಿದ. ಈಗ ಅರ್ಧ ಪಾತ್ರೆ ಹಾಕಿದರೆ ಮಾತ್ರ ತಿರುಗುತ್ತದೆ. ಅಂಗಡಿಯವರನ್ನು ಕೇಳಿದರೆ ಕಂಪನಿಗೆ ಹೇಳಿ ಅನ್ನುತ್ತಾರೆ, ಕಂಪನಿಯವರು ನಾಳೆ ಬರ್ತೀವಿ ಅನ್ನುತ್ತಾರೆ. ಮಾತುಕತೆ ನಡೆದದ್ದು ಜನವರಿಯಲ್ಲಿ. ಒಂದು ವರ್ಷದ ವಾರಂಟಿಗೆ ಇನ್ನೆರಡು ತಿಂಗಳಷ್ಟೇ ಬಾಕಿ ಇತ್ತು.

ನೀವು ಗ್ರಾಹಕರೇ ಅಲ್ಲ!

ಅಂಗಡಿಯವರು ಇನ್ನೊಂದು ಮಾತನ್ನೂ ಹೇಳಿದ್ದರಂತೆ: "ನೀವು ವ್ಯಾಪಾರಕ್ಕೆ ತಗೊಂಡಿರೋದು. ಗ್ರಾಹಕರ ಕೋರ್ಟಿಗೆ ಹೋದರೂ ನಡೆಯಲ್ಲ." ಇದು ಅರ್ಧ ನಿಜ. ಅರ್ಧ ನಿಜವಾದ್ದರಿಂದಲೇ ಬಹಳ ಜನ ಇಲ್ಲಿಂದಲೇ ವಾಪಸು ಹೋಗುತ್ತಾರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದು, 1986ರ ಹಳೆಯ ಕಾಯ್ದೆಯ ಜಾಗದಲ್ಲಿ ಕೂತಿದೆ. ಅದರ ಪ್ರಕಾರ ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು ಗ್ರಾಹಕರಲ್ಲ. ಆದರೆ ಅದೇ ಕಲಂ ಒಂದು ವಿವರಣೆಯನ್ನೂ ಸೇರಿಸಿದೆ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡು, ತಾನೇ ಬಳಸುವವರ ಖರೀದಿ ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ. ಹತ್ತು ಆಳು ಇಟ್ಟುಕೊಂಡು ಹಿಟ್ಟಿನ ಕಾರ್ಖಾನೆ ನಡೆಸುವವರ ಮಾತು ಬೇರೆ. ಮನೆಯ ಹಿಂದಿನ ಕೋಣೆಯಲ್ಲಿ ತಾವೇ ನಿಂತು ರುಬ್ಬಿ ಮಾರುವ ಈ ಅಕ್ಕ ಕಾನೂನಿನ ಕಣ್ಣಿಗೆ ಗ್ರಾಹಕರೇ. ಹೊಲಿಗೆ ಯಂತ್ರ ಕೊಂಡ ದರ್ಜಿಗೂ, ಸ್ವಂತ ಓಡಿಸಲು ಆಟೊ ಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ.

"ಆದರೆ ಅದನ್ನ ನೀವು ಬಾಯಿಬಿಟ್ಟು ಹೇಳಬೇಕು" ಎಂದರು ವಕೀಲೆ. ದೂರಿನ ಮೊದಲ ಪುಟದಲ್ಲೇ, 'ಈ ಗ್ರೈಂಡರನ್ನು ನನ್ನ ಜೀವನೋಪಾಯಕ್ಕಾಗಿ, ಸ್ವಯಂ ಉದ್ಯೋಗದ ಸಲುವಾಗಿ ಕೊಂಡಿದ್ದೇನೆ, ನಾನೇ ಬಳಸುತ್ತೇನೆ' ಎಂಬ ಸಾಲು ಇರಬೇಕು. ಆ ಒಂದು ಸಾಲು ಬಿಟ್ಟುಹೋದ ದೂರಿನಲ್ಲಿ ಎದುರಿನವರಿಗೆ ಮೊದಲ ಆಕ್ಷೇಪಣೆ ತಾನಾಗಿಯೇ ಸಿಕ್ಕಿಬಿಡುತ್ತದೆ.

ದೋಷ ಅಂದರೆ ಯಾವುದು

ಮುಂದೆ ಕೈಗೆ ಬಂದದ್ದು ಆ ಬಣ್ಣದ ಕರಪತ್ರ. ಅಂಗಡಿಯಲ್ಲಿ ಸುಮ್ಮನೆ ಕೊಟ್ಟಿದ್ದು, ಎಸೆಯದೆ ಉಳಿದಿತ್ತು ಅಷ್ಟೆ. ಅದರಲ್ಲಿ ಗ್ರೈಂಡರಿನ ಚಿತ್ರ, ಕೆಳಗೆ ಹತ್ತು ಲೀಟರ್ ಸಾಮರ್ಥ್ಯ, ಹೋಟೆಲು ಮತ್ತು ಹಿಟ್ಟಿನ ವ್ಯಾಪಾರಕ್ಕೆ ಸೂಕ್ತ ಎಂಬ ಸಾಲು. ವಕೀಲೆ ಅದನ್ನು ಎತ್ತಿ ಸಭೆಗೆ ತೋರಿಸಿದರು.

ಕಾಯ್ದೆ ಹೇಳುವ ದೋಷಕ್ಕೆ ಹರವು ದೊಡ್ಡದು. ಗುಣಮಟ್ಟ, ಪ್ರಮಾಣ, ಶಕ್ತಿ, ಶುದ್ಧತೆ ಇವುಗಳಲ್ಲಿ ಕಾನೂನು ಕೇಳುವ ಮಟ್ಟಕ್ಕಿಂತ ಕಡಿಮೆ ಇದ್ದರೂ ದೋಷವೇ. ಒಪ್ಪಂದದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೂ ದೋಷವೇ. ಮಾರುವವರು ತಮ್ಮ ಸರಕಿನ ಬಗ್ಗೆ ಏನು ಹೇಳಿಕೊಂಡಿದ್ದರೋ ಅದಕ್ಕಿಂತ ಕಡಿಮೆ ಇದ್ದರೂ ದೋಷವೇ. ಕರಪತ್ರ ಹತ್ತು ಲೀಟರ್ ಎನ್ನುತ್ತದೆ, ಗ್ರೈಂಡರ್ ಐದಕ್ಕೇ ಉಸಿರು ಬಿಡುತ್ತದೆ. ಮೋಟಾರಿನ ಒಳಗೆ ಏನು ಕೆಟ್ಟಿದೆ ಎಂಬುದು ಆಕೆಗೆ ಗೊತ್ತಿರಬೇಕಾಗಿಲ್ಲ. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ನಡುವಿನ ಅಂತರವನ್ನು ತೋರಿಸಲು ಈ ಕರಪತ್ರ ಸಾಕ್ಷಿ.

ವಾರಂಟಿಗೂ ಈ ದೋಷಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ವಾರಂಟಿ ಕಂಪನಿ ಕೊಟ್ಟ ಮಾತು; ಇಷ್ಟು ದಿನದೊಳಗೆ ಕೆಟ್ಟರೆ ಇದನ್ನಿದನ್ನು ಪುಕ್ಕಟೆ ಸರಿಮಾಡುತ್ತೇವೆ ಅನ್ನುತ್ತದೆ. ದೋಷವಿಲ್ಲದ ಸರಕು ಪಡೆಯುವ ಹಕ್ಕು ಕಾನೂನು ಕೊಟ್ಟಿದ್ದು. ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳು ಮೊದಲನೆಯದನ್ನು ಕುಗ್ಗಿಸಬಹುದು, ಎರಡನೆಯದನ್ನು ಅಳಿಸಿಹಾಕಲಾರವು.

ಅಂಗಡಿಯ ಗೋಡೆಯ ಮೇಲೆ 'ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ' ಎಂಬ ಬೋರ್ಡು ಇತ್ತಲ್ಲ ಎಂದು ಯಾರೋ ಕೇಳಿದರು. ಬಣ್ಣ ಹಿಡಿಸಲಿಲ್ಲ ಎಂದು ಸೀರೆ ವಾಪಸು ಕೊಡಲು ಹೋದವರಿಗೆ ಆ ಬೋರ್ಡು ತೋರಿಸಬಹುದು. ದೋಷವಿರುವ ಸರಕಿಗೆ ಅದು ನಡೆಯುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಲ್ಲಿ ಏನೂ ಹೇಳಿರದಿದ್ದರೆ 30 ದಿನದೊಳಗೆ, ದೋಷವಿರುವ ಸರಕನ್ನು ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೇ ಸೇರಿಸಿದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಜಿಎಸ್‌ಟಿ ಉಳಿಯುತ್ತದೆ ಎಂದು ಕಚ್ಚಾ ಚೀಟಿಗೆ ಒಪ್ಪಿಕೊಂಡವರು, ಯಂತ್ರ ಕೆಟ್ಟ ದಿನ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಹಾಗೆ ಕೊಂಡವರ ಬಳಿ ಫೋನ್‌ಪೇ, ಗೂಗಲ್‌ಪೇ ಪಾವತಿಯ ದಾಖಲೆ ಇದ್ದರೆ ಅದು ಸ್ವಲ್ಪ ಆಸರೆ.

ಈ ಅಕ್ಕನ ಬಿಲ್ಲು ಪಕ್ಕಾ ಇತ್ತು. ಆದರೆ ಅದರಲ್ಲಿ ಮಾಡೆಲ್ ಹೆಸರು ಮಾತ್ರ ಇತ್ತು, ಸೀರಿಯಲ್ ನಂಬರ್ ಇರಲಿಲ್ಲ. ಇದೇ ಯಂತ್ರ ನಾವು ಮಾರಿದ್ದು ಎಂದು ಹೇಗೆ ಗೊತ್ತು ಎಂದು ನಾಳೆ ಅಂಗಡಿಯವರು ಕೇಳಿದರೆ? "ಮನೆಗೆ ಹೋದ ತಕ್ಷಣ ಮೋಟಾರಿನ ಹತ್ತಿರ ಇರೋ ಲೋಹದ ಪಟ್ಟಿಯ ಫೋಟೊ ತೆಗೀರಿ. ವಾರಂಟಿ ಕಾರ್ಡಲ್ಲಿ ನಂಬರ್ ಇದೆ, ಎರಡೂ ತಾಳೆ ಆದರೆ ಆ ಪ್ರಶ್ನೆ ಅಲ್ಲಿಗೇ ಮುಗೀತು."

ಚೀಟಿಯಲ್ಲಿ ಬರೆದಿದ್ದೇನು

ಈಗ ಹಳದಿ ಚೀಟಿಗಳು. ದುರಸ್ತಿಗೆ ಬಂದವರು ಬರೆದುಕೊಡುವ ಇದನ್ನು ಜಾಬ್ ಶೀಟ್ ಎನ್ನುತ್ತಾರೆ. ಈಗೀಗ ಚೀಟಿಯೇ ಇರುವುದಿಲ್ಲ, ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಒಟಿಪಿ ಹೇಳಿದರೆ ಕೆಲಸ ಮುಗಿದಂತೆ ದಾಖಲಾಗುತ್ತದೆ.

ಜೂನ್ ತಿಂಗಳ ಚೀಟಿಯಲ್ಲಿ 'ಮೋಟಾರ್ ನಿಲ್ಲುತ್ತಿದೆ, ಕೆಪಾಸಿಟರ್ ಬದಲಿಸಿದೆ' ಎಂದಿತ್ತು. ವಕೀಲೆಯ ಮುಖ ಅರಳಿತು. ಜುಲೈ ಚೀಟಿಯಲ್ಲಿ ಇದ್ದದ್ದು ಮೂರೇ ಶಬ್ದ: 'ಚೆಕ್ ಮಾಡಿದೆ, ಓಕೆ.' ಕೆಳಗೆ ಅಕ್ಕನ ಸಹಿ. ಮೋಟಾರು ಬಿಚ್ಚಿಕೊಂಡು ಹೋಗಿದ್ದಾಗಲಿ, ವೈಂಡಿಂಗ್ ಮಾಡಿಸಿದ್ದಾಗಲಿ ಅದರಲ್ಲಿ ಒಂದಕ್ಷರವೂ ಇಲ್ಲ. ಅಕ್ಟೋಬರಿನ ಭೇಟಿಗಂತೂ ಚೀಟಿಯೇ ಇಲ್ಲ.

"ಇಲ್ಲಿ ನೋಡಿ" ಎಂದು ಅವರು ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟರು. "ನಿಮ್ಮ ಮನೆಯಲ್ಲಿ ಯಂತ್ರ ಮೂರು ಸಲ ಕೆಟ್ಟಿದೆ. ಕಾಗದದಲ್ಲಿ ಒಂದೇ ಸಲ ಕೆಟ್ಟಿದೆ. ಆಯೋಗ ನೋಡೋದು ನಿಮ್ಮ ಮನೆಯನ್ನಲ್ಲ, ಈ ಕಾಗದವನ್ನ."

ಆ ಮಧ್ಯಾಹ್ನದ ತಿರುಳು ಇದೇ. ದೋಷವಿದೆ ಎಂದು ತೋರಿಸುವ ಹೊಣೆ ದೂರು ಕೊಟ್ಟವರದು. ಒಂದೇ ದೋಷ ಮರುಕಳಿಸಿದೆ, ಕಂಪನಿಯವರೇ ಪ್ರಯತ್ನಿಸಿಯೂ ಅದನ್ನು ಸರಿಮಾಡಲಾಗಿಲ್ಲ ಎಂಬುದಕ್ಕೆ ಕಂಪನಿಯ ಮನುಷ್ಯನೇ ಬರೆದ ಚೀಟಿಗಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ. ಚೀಟಿ ಖಾಲಿ ಇದ್ದರೆ, ಮೂರು ಸಲ ಕೆಟ್ಟಿತು ಎನ್ನುವುದು ಬರೀ ನಮ್ಮ ಮಾತಾಗಿ ಉಳಿಯುತ್ತದೆ.

ಹಾಗಾಗಿ ಸಹಿಗೆ ಮುಂಚೆ ಚೀಟಿ ಓದಬೇಕು. ಯಾವ ದೂರು, ಏನು ತೆಗೆದರು, ಏನು ಹಾಕಿದರು, ಯಂತ್ರವನ್ನು ಎಷ್ಟು ದಿನ ಒಯ್ದರು ಎಂಬುದು ಅದರಲ್ಲಿರಬೇಕು. ಅವರು ಬರೆಯದಿದ್ದರೆ ಸಹಿಯ ಮೇಲೆ ನಾವೇ ನಮ್ಮ ಕೈಯಲ್ಲಿ ಕನ್ನಡದಲ್ಲೇ ಬರೆಯಬಹುದು: 'ಮೋಟಾರು ಎರಡನೇ ಬಾರಿ ಬಿಸಿಯಾಗಿ ನಿಂತಿದೆ. ವೈಂಡಿಂಗ್ ಮಾಡಿಸಿ ತಂದಿದ್ದಾರೆ. ತುಂಬ ಹಾಕಿ ಪರೀಕ್ಷಿಸಿಲ್ಲ.' ಒಟಿಪಿ ಕೇಳಿದರೆ, ಪೂರ್ತಿ ಪಾತ್ರೆ ಹಾಕಿ ಅವರ ಎದುರೇ ತಿರುಗಿಸಿ ನೋಡಿದ ಮೇಲೆ ಕೊಡಬೇಕು. ಮತ್ತೆ ಕೆಟ್ಟು ಬಿಸಿಯಾಗಿ ನಿಂತಾಗ ಒಂದು ನಿಮಿಷದ ವಿಡಿಯೊ ಮಾಡಿ ಇಟ್ಟುಕೊಳ್ಳಬೇಕು.

"ನಮ್ಮೂರ ಮೆಕ್ಯಾನಿಕ್ ಒಂದು ಸಲ ಬಿಚ್ಚಿ ನೋಡ್ತೀನಿ ಅಂದಿದಾನೆ" ಎಂದರು ಅಕ್ಕ. "ಬೇಡಿ" ಎಂದು ವಕೀಲೆ ಎರಡೂ ಕೈ ಎತ್ತಿದರು. ಹೊರಗಿನವರು ಬಿಚ್ಚಿದ ಮರುಕ್ಷಣ, ಯಂತ್ರವನ್ನು ಬೇರೆಯವರು ಮುಟ್ಟಿ ಹಾಳುಮಾಡಿದ್ದಾರೆ ಎನ್ನಲು ಕಂಪನಿಗೆ ದಾರಿಯಾಗುತ್ತದೆ. ಪ್ರಕರಣ ಮುಗಿಯುವತನಕ ಯಂತ್ರವೂ ಒಂದು ಸಾಕ್ಷಿ. ಅದನ್ನು ಇದ್ದ ಹಾಗೇ ಇಡಬೇಕು, ಗುಜರಿಗೆ ಹಾಕಬಾರದು.

ದೂರಿನ ಮೂರು ಮೆಟ್ಟಿಲು

ಇಷ್ಟಾದ ಮೇಲೆ ದೂರಿನ ದಾರಿ. ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂಬರು 1915. ಕನ್ನಡದಲ್ಲೇ ಮಾತನಾಡಬಹುದು. ದೂರು ದಾಖಲಾದರೆ ಒಂದು ಡಾಕೆಟ್ ನಂಬರ್ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಎಷ್ಟೋ ದೂರುಗಳು ಇಲ್ಲೇ ಬಗೆಹರಿಯುವುದುಂಟು. ಆದರೆ ಸಹಾಯವಾಣಿ ನ್ಯಾಯಾಲಯವಲ್ಲ. ಕಂಪನಿ ಆಗುವುದಿಲ್ಲ ಎಂದರೆ ಅದನ್ನು ಒಪ್ಪಿಸುವ ಅಧಿಕಾರ ಅದಕ್ಕಿಲ್ಲ.

ಎರಡನೆಯದು ನೋಟಿಸು. ಆಯೋಗಕ್ಕೆ ಹೋಗುವ ಮುಂಚೆ ನೋಟಿಸು ಕೊಡಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಆದರೂ ಕೊಡುವುದು ಜಾಣತನ, ಏಕೆಂದರೆ ಅದಕ್ಕೆ ಬರುವ ಉತ್ತರ, ಅಥವಾ ಬಾರದ ಉತ್ತರ, ಎರಡೂ ನಮಗೆ ಸಾಕ್ಷಿ. ವಕೀಲರ ಲೆಟರ್‌ಹೆಡ್ಡೇ ಬೇಕೆಂದಿಲ್ಲ. ಅಂದು ಸಭೆಯಲ್ಲೇ ಕೂತು ಬರೆದ ನೋಟಿಸು ಹೀಗಿತ್ತು:

"ದಿನಾಂಕ ಮಾರ್ಚ್ 18ರಂದು ನಿಮ್ಮ ಅಂಗಡಿಯಿಂದ 24,500 ರೂ. ಕೊಟ್ಟು ಹತ್ತು ಲೀಟರಿನ ಗ್ರೈಂಡರ್ ಕೊಂಡಿರುತ್ತೇನೆ. ಜೂನ್ 2, ಜುಲೈ 27 ಮತ್ತು ಅಕ್ಟೋಬರ್ 11ರಂದು ಮೋಟಾರು ಬಿಸಿಯಾಗಿ ನಿಂತಿದೆ. ಮೂರು ಬಾರಿ ದುರಸ್ತಿ ಮಾಡಿದರೂ ಪೂರ್ಣ ಪ್ರಮಾಣ ಹಾಕಿದರೆ ಈಗಲೂ ನಡೆಯುತ್ತಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ ಹೊಸ ಗ್ರೈಂಡರ್ ಕೊಡಬೇಕು ಅಥವಾ ಹಣ ಹಿಂದಿರುಗಿಸಬೇಕು. ತಪ್ಪಿದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಬೈಗುಳವಿಲ್ಲ, ಬೇಸರವಿಲ್ಲ, ತಾರೀಖು ಮತ್ತು ಹಣ ಅಷ್ಟೆ. ಬಿಲ್ಲು ಮತ್ತು ಚೀಟಿಗಳ ಜೆರಾಕ್ಸ್ ಸೇರಿಸಿ ಅಂಗಡಿಗೊಂದು, ತಯಾರಕರ ವಿಳಾಸಕ್ಕೊಂದು ಅಂಚೆಯಲ್ಲಿ ಕಳಿಸಬೇಕು. ರಸೀದಿ ಮತ್ತು ತಲುಪಿದ್ದರ ದಾಖಲೆ ಎರಡನ್ನೂ ಇಟ್ಟುಕೊಳ್ಳಬೇಕು. ಮೂಲ ಬಿಲ್ಲನ್ನು ಯಾರು ಕೇಳಿದರೂ ಕೊಡಬಾರದು.

ಮೂರನೆಯದು ಆಯೋಗಕ್ಕೆ ದೂರು. ಸರಕಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಇಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ ಮಾತ್ರ, ಕೇಳುವ ಪರಿಹಾರವಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಮನೆಬಳಕೆಯ ಸಾಮಾನಿನ ದೂರುಗಳೆಲ್ಲ ಹೆಚ್ಚುಕಡಿಮೆ ಈ ಮಿತಿಯೊಳಗೇ ಬರುತ್ತವೆ.

ಹಳೆಯ ಕಾಯ್ದೆಯಲ್ಲಿ ಎದುರಿನವರು ಇರುವ ಕಡೆ ಅಥವಾ ವಹಿವಾಟು ನಡೆದ ಕಡೆ ದೂರು ಕೊಡಬೇಕಿತ್ತು. 2019ರ ಕಾಯ್ದೆಯಲ್ಲಿ ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೊಡಬಹುದು. ಗ್ರೈಂಡರ್ ತಯಾರಾದದ್ದು ಕೊಯಮತ್ತೂರಿನಲ್ಲಾದರೂ ಈ ಅಕ್ಕ ಹಾಸನ ಬಿಟ್ಟು ಹೋಗಬೇಕಿಲ್ಲ. ಆನ್‌ಲೈನಿನಲ್ಲಿ ತರಿಸಿಕೊಂಡವರಿಗೆ ಇದು ಇನ್ನೂ ದೊಡ್ಡ ಅನುಕೂಲ. ದೂರನ್ನು ಸಲ್ಲಿಸಲು ಇ-ಜಾಗೃತಿ ಪೋರ್ಟಲ್ ಇದೆ, ವಿಳಾಸ e-jagriti.gov.in. ಮೊದಲು ಇದ್ದ ಇ-ದಾಖಿಲ್‌ನ ಜಾಗಕ್ಕೆ 2025ರ ಜನವರಿಯಲ್ಲಿ ಬಂದದ್ದು. ಮೊಬೈಲ್ ನಂಬರು ಮತ್ತು ಇಮೇಲಿನಿಂದ ಖಾತೆ ತೆರೆದು, ದೂರು, ಪ್ರಮಾಣಪತ್ರ, ದಾಖಲೆಗಳನ್ನು ಪಿಡಿಎಫ್ ಮಾಡಿ ಹಾಕಬೇಕು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ, ತಾವೇ ವಾದಿಸಬಹುದು.

ದೂರಿನಲ್ಲಿ ಎದುರುದಾರರು ಯಾರು? ಬರೀ ಅಂಗಡಿಯನ್ನು ಸೇರಿಸಿದರೆ ಅವರು, ತಯಾರಿಸಿದ್ದು ನಾವಲ್ಲ ಎನ್ನುತ್ತಾರೆ. ಬರೀ ಕಂಪನಿಯನ್ನು ಸೇರಿಸಿದರೆ ಅವರು, ಯಾವ ಯಂತ್ರ ಮಾರಿದರೋ ನಮಗೆ ಗೊತ್ತಿಲ್ಲ ಎನ್ನಬಹುದು. ಇಬ್ಬರನ್ನೂ ಸೇರಿಸಬೇಕು. ದುರಸ್ತಿ ಮಾಡಿದ ಸರ್ವಿಸ್ ಸೆಂಟರ್ ಬೇರೆ ಸಂಸ್ಥೆಯಾಗಿದ್ದರೆ ಅದನ್ನೂ ಸೇರಿಸಬೇಕು.

ಏನು ಕೇಳಬೇಕು ಎಂಬಲ್ಲಿ ಸಭೆಯಲ್ಲಿ ಗದ್ದಲವೇ ಆಯಿತು. "ಐದು ಲಕ್ಷ ಹಾಕಿ!" ಎಂದು ಹಿಂದಿನ ಸಾಲಿನಿಂದ ಕೂಗು. ವಕೀಲೆ ತಲೆಯಾಡಿಸಿದರು. ಗ್ರೈಂಡರ್ ನಿಂತ ದಿನಗಳನ್ನು ಅಕ್ಕನಿಂದಲೇ ಕೇಳಿದರು: ಮೊದಲ ಸಲ 6, ಎರಡನೇ ಸಲ 9, ಮೂರನೇ ಸಲ 14, ಒಟ್ಟು 29 ದಿನ. ಆ ದಿನಗಳಲ್ಲಿ ಪಕ್ಕದ ಬೀದಿಯಲ್ಲಿ ದಿನಕ್ಕೆ 150 ರೂಪಾಯಿ ಕೊಟ್ಟು ಹೊರಗೆ ರುಬ್ಬಿಸಿದ್ದರು. ಅಂದರೆ 4,350 ರೂಪಾಯಿ. ಅದನ್ನು ಅವರು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಹೀಗೆ ದೂರಿನ ಬೇಡಿಕೆ ರೂಪುಗೊಂಡಿತು: ಹೊಸ ಗ್ರೈಂಡರ್, ಅದಾಗದಿದ್ದರೆ 24,500 ರೂಪಾಯಿ ಬಡ್ಡಿ ಸಮೇತ, ಹೊರಗೆ ರುಬ್ಬಿಸಿದ ಖರ್ಚು 4,350, ಅದರ ಮೇಲೆ ಮನನೋವಿಗೆ ಒಂದು ಹದವಾದ ಮೊತ್ತ ಮತ್ತು ದೂರಿನ ಖರ್ಚು. ಕಾಗದದ ಆಧಾರವಿರುವ ಸಾವಿರಗಳಿಗೆ ಆಯೋಗದಲ್ಲಿ ಬೆಲೆ ಇದೆ, ಗಾಳಿಯಲ್ಲಿ ಬರೆದ ಲಕ್ಷಗಳಿಗಿಲ್ಲ.

ಗಡಿಯಾರ ಒಂದಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ಕೊಟ್ಟು ಮನ್ನಿಸಿ ಎಂದು ಕೇಳಬಹುದು, ಆದರೆ ಮನ್ನಿಸುವುದು ಬಿಡುವುದು ಆಯೋಗಕ್ಕೆ ಬಿಟ್ಟಿದ್ದು. ಕಂಪನಿಯವರ 'ನಾಳೆ ಬರ್ತೀವಿ' ಈ ಗಡಿಯಾರವನ್ನು ನಿಲ್ಲಿಸುವುದಿಲ್ಲ. 1915ರಲ್ಲಿ ದೂರು ಬಾಕಿ ಇದೆ ಎಂಬುದೂ ನಿಲ್ಲಿಸುವುದಿಲ್ಲ. ಈ ಅಕ್ಕನ ವಿಷಯದಲ್ಲಿ ಮೊದಲ ಸಲ ಕೆಟ್ಟ ಜೂನ್ 2ರಿಂದಲೇ ಎಣಿಸಿ, ಅದಕ್ಕೆ ಬಹಳ ಮುಂಚೆಯೇ ಸಲ್ಲಿಸುವುದು ಕ್ಷೇಮ ಎಂದರು ವಕೀಲೆ.

ಆಯೋಗದ ಒಳಗೆ

ದೂರು ಬಂದ ಮೇಲೆ ಅದನ್ನು ಸ್ವೀಕರಿಸಬೇಕೋ ಬೇಡವೋ ಎಂಬುದನ್ನು ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನಿಸಬೇಕು. ದೂರು ಕೊಟ್ಟವರ ಮಾತು ಕೇಳದೆ ತಿರಸ್ಕರಿಸುವಂತಿಲ್ಲ. ಸ್ವೀಕಾರವಾದರೆ ಎದುರುದಾರರಿಗೆ ನೋಟಿಸು ಹೋಗುತ್ತದೆ. ಅವರು 30 ದಿನದೊಳಗೆ ಉತ್ತರ ಕೊಡಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಈ 45 ದಿನಕ್ಕೆ ಮೇಲೆ ಒಂದು ದಿನವನ್ನೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಅದು ಹಳೆಯ ಕಾಯ್ದೆಯಡಿ ಬಂದ ತೀರ್ಪು, ಆದರೆ ಹೊಸ ಕಾಯ್ದೆಯಲ್ಲಿಯೂ ಅದೇ ಅವಧಿ ಇದೆ. ಆದ್ದರಿಂದ ಎದುರಿನವರಿಗೆ ನೋಟಿಸು ತಲುಪಿದ ತಾರೀಖನ್ನು ಬರೆದಿಟ್ಟುಕೊಳ್ಳಬೇಕು. ಅವರು ಬರಲೇ ಇಲ್ಲ ಎಂದಾದರೂ ಗೆಲುವು ತಾನಾಗಿ ಬರುವುದಿಲ್ಲ. ನಮ್ಮ ಪ್ರಮಾಣಪತ್ರ, ಕಾಗದಗಳು ದೋಷವನ್ನು ತೋರಿಸಲೇಬೇಕು. ಇಬ್ಬರೂ ಒಪ್ಪಿದರೆ ಆಯೋಗ ಮಧ್ಯಸ್ಥಿಕೆಗೂ ಕಳಿಸಬಹುದು.

ಕಂಪನಿ ಏನು ಹೇಳಬಹುದು ಎಂಬುದನ್ನು ವಕೀಲೆ ಬೆರಳು ಮಡಿಸಿ ಎಣಿಸಿದರು. ಲೋಡು ಜಾಸ್ತಿ ಹಾಕಿದ್ದಾರೆ. ಅದಕ್ಕೆ ಉತ್ತರ ಆ ಕರಪತ್ರ ಮತ್ತು ಅರ್ಧ ಪಾತ್ರೆಗೂ ಏದುಸಿರು ಬಿಡುವ ವಿಡಿಯೊ. ಹಳ್ಳಿಯ ಕರೆಂಟು, ವೋಲ್ಟೇಜು ಕಡಿಮೆ. ಅದಕ್ಕೆ ಉತ್ತರ ಜೂನ್ ಚೀಟಿ, ಅದರಲ್ಲಿ ವೋಲ್ಟೇಜಿನ ಮಾತೇ ಇಲ್ಲ. ಅದು ಕಾರಣವಾಗಿದ್ದರೆ ಅವತ್ತೇ ಬರೆಯಬೇಕಿತ್ತಲ್ಲ? ಈಗ ಯಂತ್ರ ಸರಿ ಇದೆ. ಅದಕ್ಕೆ ಉತ್ತರ ಪರೀಕ್ಷೆ. ಪರೀಕ್ಷಿಸದೆ ದೋಷ ಗೊತ್ತಾಗದು ಎಂಬಂಥ ಸರಕನ್ನು ಆಯೋಗ ಸೂಕ್ತ ಪ್ರಯೋಗಾಲಯಕ್ಕೆ ಕಳಿಸಬಹುದು. ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕು, ವರದಿ 45 ದಿನದೊಳಗೆ ಬರಬೇಕು. ಮೂರು ನಾಲ್ಕು ಒಳ್ಳೆಯ ಚೀಟಿ ಇದ್ದವರಿಗೆ ಎಷ್ಟೋ ಸಲ ಈ ಖರ್ಚಿನ ಪ್ರಮೇಯವೇ ಬರುವುದಿಲ್ಲ. ಹಳದಿ ಚೀಟಿಗೆ ಅಷ್ಟು ತೂಕ ಬಂದಿರುವುದು ಇದಕ್ಕೇ.

ನೋಟಿಸು ಎದುರಿನವರಿಗೆ ತಲುಪಿದ ಮೂರು ತಿಂಗಳೊಳಗೆ, ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ ಪ್ರಕರಣ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. "ಹೇಳುತ್ತೆ" ಎಂದು ವಕೀಲೆ ಒತ್ತಿ ಹೇಳಿ ನಿಲ್ಲಿಸಿದರು. ನಿಜದಲ್ಲಿ ವರ್ಷ ದಾಟುವುದುಂಟು.

ಕೊನೆಗೆ ಸಿಗುವುದೂ ಕೇಳಿದ್ದೆಲ್ಲ ಆಗಿರುವುದಿಲ್ಲ. ಆಯೋಗ ದೋಷ ಸರಿಪಡಿಸಿ ಎನ್ನಬಹುದು, ಬದಲಿ ಕೊಡಿ ಎನ್ನಬಹುದು, ಬೆಲೆ ಹಿಂದಿರುಗಿಸಿ ಎನ್ನಬಹುದು, ಪರಿಹಾರ ಮತ್ತು ಖರ್ಚು ಕೊಡಿಸಬಹುದು. ಬಿಡಿಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಯಂತ್ರವನ್ನೇ ಬದಲಿಸಿಕೊಡಿ ಎನ್ನುವುದು ಕಷ್ಟ. ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇಂಥದೇ ನಿಲುವು ತಳೆದಿತ್ತು. ಬಿಡಿಭಾಗ ಬದಲಿಸಿಯೂ, ವೈಂಡಿಂಗ್ ಮಾಡಿಸಿಯೂ ಅದೇ ರೋಗ ಮರಳಿತು ಎಂದು ತೋರಿಸಿದರೆ ಮಾತ್ರ ಹೊಸ ಯಂತ್ರದ ಬೇಡಿಕೆಗೆ ಬಲ ಬರುತ್ತದೆ. ಆ ವೈಂಡಿಂಗ್ ವಿಷಯವನ್ನೇ ಜುಲೈ ಚೀಟಿ ನುಂಗಿಹಾಕಿತ್ತು.

ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಕಟ್ಟಬೇಕೆಂದು ಆದೇಶವಾದ ಕಂಪನಿ ಮೇಲ್ಮನವಿಗೆ ಹೋಗಬೇಕಾದರೆ ಮೊದಲು ಅದರ ಅರ್ಧವನ್ನು ಠೇವಣಿ ಇಡಬೇಕು. ಆದೇಶ ಪಾಲಿಸದಿದ್ದರೆ ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಜೊತೆಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೆ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.

ಇಲ್ಲದ ಮೂರನೇ ಚೀಟಿ

ಸಂಜೆಯಾಗುತ್ತಿತ್ತು. ಅಕ್ಕ ಕಾಗದಗಳನ್ನು ಮತ್ತೆ ಕವರಿಗೆ ತುಂಬುತ್ತಾ, "ಹಾಗಾದರೆ ಜುಲೈದು, ಅಕ್ಟೋಬರದು ಹೋದಂಗೇನಾ?" ಎಂದು ಕೇಳಿದರು. ದುರಸ್ತಿಗೆ ಬಂದ ಹುಡುಗನ ನಂಬರು ಫೋನಿನಲ್ಲಿ ಇದೆಯೇ ಎಂದು ವಕೀಲೆ ಕೇಳಿದರು. ಇತ್ತು. ವಾಟ್ಸ್ಆ್ಯಪ್ ತೆರೆಯಲು ಹೇಳಿದರು. ಅಕ್ಕನ ಮಗಳು ಟೈಪ್ ಮಾಡಿದಳು, ವಕೀಲೆ ಹೇಳುತ್ತಾ ಹೋದರು:

"ಜುಲೈ 27ಕ್ಕೆ ನೀವು ನಮ್ಮ ಗ್ರೈಂಡರಿನ ಮೋಟಾರು ತಗೊಂಡು ಹೋಗಿ ವೈಂಡಿಂಗ್ ಮಾಡಿಸಿ ತಂದಿರಿ. ಅಕ್ಟೋಬರ್ 11ಕ್ಕೆ ಮತ್ತೆ ನಿಂತು, 14 ದಿನ ಆದ ಮೇಲೆ ಬಂದು ಸರಿಮಾಡಿದಿರಿ. ಈಗಲೂ ತುಂಬ ಹಾಕಿದರೆ ತಿರುಗುತ್ತಿಲ್ಲ. ಯಾವಾಗ ಬರ್ತೀರಿ ತಿಳಿಸಿ."

ಎರಡು ನೀಲಿ ಗೆರೆ ಮೂಡಿತು. ಸಭೆ ಚದುರುತ್ತಿತ್ತು, ಯಾರೋ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಮಗಳು ಓದಿದಳು: "ಹೌದಮ್ಮ, ಆವಾಗ್ಲೇ ಆಫೀಸಿಗೆ ಹೇಳಿದ್ದೆ, ಈ ಮೋಟಾರ್ ಮತ್ತೆ ಬರುತ್ತೆ ಅಂತ. ನಾಳೆ ಬರ್ತೀನಿ."

ಅಕ್ಕನಿಗೆ ಸಿಟ್ಟು ಬಂತು. "ನೋಡಿ ಮೇಡಂ, ಮತ್ತೆ ಅದೇ ನಾಳೆ!"

ವಕೀಲೆ ಫೋನನ್ನು ತೆಗೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು. "ಇದನ್ನ ಡಿಲೀಟ್ ಮಾಡಬೇಡಿ ಅಕ್ಕ. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ, ಆ ಹಳದಿ ಚೀಟಿಗಳ ಜೊತೆಗೇ ಇಡಿ. ನಾಳೆ ಅವನು ಬಂದ ಅಂದ್ರೆ ಚೀಟಿ ಬರೆಸದೆ ಕಳಿಸಬೇಡಿ."